ವರ್ಷಕ್ಕೆ 574 ಟ್ರಿಪ್

ಸಿಮೆಂಟ್, ಕಬ್ಬಿಣ, ಪೈಪು ಮಾರುವ ಅಂಗಡಿಯ ಯಜಮಾನರು ವ್ಯಾಪಾರ ಸ್ವಲ್ಪ ಕುದುರುತ್ತಿದ್ದಂತೆ ಒಂದು ಲೆಕ್ಕ ಹಾಕುತ್ತಾರೆ. ‘ತಿಂಗಳಿಗೆ ಲಗೇಜ್ ಗಾಡಿಯವರಿಗೇ 35 ಸಾವಿರ ಹೋಗ್ತಿದೆ. ಗಾಡಿ ತಗೊಂಡ್ರೆ ಕಂತು 12 ಸಾವಿರ ಚಿಲ್ಲರೆ, ಡ್ರೈವರ್‌ಗೆ 15, ಡೀಸೆಲ್‌ಗೆ ಆರೂವರೆ. ಎಲ್ಲ ಸೇರಿ 34 ಸಾವಿರ. ಐದು ವರ್ಷ ಆದ್ಮೇಲೆ ಗಾಡಿ ನಮ್ದೇ.’ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಈ ಲೆಕ್ಕದಲ್ಲಿ ಬರೆದಿರುವ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಬರೆಯದೆ ಬಿಟ್ಟ ಅಂಕಿಗಳಲ್ಲಿ.

ಅದನ್ನು ಬಿಡಿಸಿ ನೋಡಲು ತಿಪಟೂರಿನಂಥ ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳೋಣ. ಊರೊಳಗೂ, ಹೊನ್ನವಳ್ಳಿ, ನೊಣವಿನಕೆರೆ ಕಡೆಯ ಹಳ್ಳಿಗಳಿಗೂ ಸರಕು ಹೋಗುತ್ತದೆ. ಸರಾಸರಿ ದೂರ 12 ಕಿಲೋಮೀಟರ್, ಹೋಗಿ ಬರಲು 24. ಬಾಡಿಗೆ ಗಾಡಿಯವರು ಇಳಿಸುವವರೆಗೆ ಕಾಯುವುದೂ ಸೇರಿ ಸರಾಸರಿ 800 ರೂಪಾಯಿ ತೆಗೆದುಕೊಳ್ಳುತ್ತಾರೆ. ಈ ಅಂಗಡಿಗೆ ಬೇಕಾಗಿರುವುದು ಟಾಟಾ ಏಸ್ ಜಾತಿಯ ಸಣ್ಣ ಗಾಡಿ. 2005ರಲ್ಲಿ ಬಂದ ಮೇಲೆ ಎತ್ತಿನಗಾಡಿ, ಟೆಂಪೋಗಳು ಮಾಡುತ್ತಿದ್ದ ಕೆಲಸವನ್ನು ಬಹುಪಾಲು ನುಂಗಿಹಾಕಿದ ಗಾಡಿ ಅದು. ಕಾಗದದ ಮೇಲೆ ಹೊರುವ ಭಾರ ಮುಕ್ಕಾಲು ಟನ್, ಅಂದರೆ 50 ಕೆ.ಜಿ.ಯ 15 ಸಿಮೆಂಟ್ ಚೀಲ. ರಸ್ತೆಯಲ್ಲಿ ಎಷ್ಟು ಚೀಲ ಕಾಣುತ್ತೇವೆ ಎಂಬುದು ಬೇರೆ ಮಾತು. ಆದರೆ ಸ್ವಂತ ಗಾಡಿಯಾದರೆ ಆ ಹೆಚ್ಚುವರಿ ಚೀಲಗಳ ಹೊಣೆ ನಮ್ಮದೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000.

ಗಾಡಿಯ ಖರ್ಚನ್ನು ಎರಡು ಪುಟಗಳಲ್ಲಿ ಬರೆಯಬೇಕು. ಗಾಡಿ ಶೆಡ್ಡಿನಲ್ಲಿ ನಿಂತೇ ಇದ್ದರೂ ಬೀಳುವುದು ಒಂದು, ಓಡಿದಷ್ಟು ಮಾತ್ರ ಬೀಳುವುದು ಇನ್ನೊಂದು. ಮೊದಲನೆಯದು ಸ್ಥಿರ ಖರ್ಚು, ಅದನ್ನು ವರ್ಷದ ಲೆಕ್ಕದಲ್ಲೇ ನೋಡಬೇಕು. ಎರಡನೆಯದು ಓಡಾಟದ ಖರ್ಚು, ಅದನ್ನು ಕಿಲೋಮೀಟರ್ ಲೆಕ್ಕದಲ್ಲಿ. ಇಲ್ಲಿ ಬಳಸುವ ದರಗಳು ಉದಾಹರಣೆಗೆ ಹಿಡಿದುಕೊಂಡವು. ಓದುಗರು ತಮ್ಮ ಊರಿನ ದರ ಹಾಕಿಕೊಂಡರೆ ಉತ್ತರ ಬದಲಾಗಬಹುದು, ದಾರಿ ಬದಲಾಗುವುದಿಲ್ಲ.

ಸ್ಥಿರ ಖರ್ಚಿನಲ್ಲಿ ಮೊದಲು ಬರುವುದು ಸವಕಳಿ. ರಸ್ತೆಗಿಳಿಯುವ ಹೊತ್ತಿಗೆ ಗಾಡಿಗೆ 7 ಲಕ್ಷ ಬಿತ್ತು ಎನ್ನೋಣ. ಏಳು ವರ್ಷ ದುಡಿಸಿ ಮಾರಿದರೆ 2 ಲಕ್ಷ 10 ಸಾವಿರ ಬರುತ್ತದೆ ಎಂದಿಟ್ಟುಕೊಳ್ಳೋಣ. ಕರಗಿದ್ದು 4 ಲಕ್ಷ 90 ಸಾವಿರ, ವರ್ಷಕ್ಕೆ 70,000. ಈ ಹಣ ಯಾರ ಕೈಗೂ ಕೊಟ್ಟಂತೆ ಕಾಣುವುದಿಲ್ಲ, ಹಾಗಾಗಿ ಬಿಲ್ ಪುಸ್ತಕದ ಲೆಕ್ಕದಲ್ಲಿ ಇರುವುದಿಲ್ಲ. ಅದರ ಬದಲಿಗೆ ಅಲ್ಲಿ ಕಂತು ಇರುತ್ತದೆ. ಕಂತು ಖರ್ಚಲ್ಲ. ಅದರಲ್ಲಿ ಅಸಲು ಒಂದು ಭಾಗ, ಬಡ್ಡಿ ಒಂದು ಭಾಗ. ಅಸಲು ತೀರಿಸುವುದೆಂದರೆ ಗಾಡಿಯ ಬೆಲೆಯನ್ನು ತಡವಾಗಿ ಕೊಡುವುದು ಅಷ್ಟೆ. ಐದು ವರ್ಷದ ಕಂತು ಮುಗಿದ ಮೇಲೆ ‘ಇನ್ನು ಗಾಡಿ ಪುಕ್ಕಟೆ’ ಎನಿಸುವುದು ಇದೇ ಗೊಂದಲದಿಂದ. ಆರನೇ ವರ್ಷವೂ ಗಾಡಿ ಸವೆಯುತ್ತಲೇ ಇರುತ್ತದೆ, ಮುಂದಿನ ಗಾಡಿಗೆ ಹಣ ಕೂಡಿಡಬೇಕಾದ ವರ್ಷವೂ ಅದೇ.

ಎರಡನೆಯದು ಬಡ್ಡಿ. ಬ್ಯಾಂಕಿನ ಸಾಲಕ್ಕೆ ಮಾತ್ರ ಬಡ್ಡಿ ಎಣಿಸಿ, ಕೈಯಿಂದ ಹಾಕಿದ ಹಣಕ್ಕೆ ಎಣಿಸದಿರುವುದು ವಾಡಿಕೆ. ಆದರೆ ಅದೇ ಹಣಕ್ಕೆ ಸಿಮೆಂಟ್ ಕಂಪನಿಯಿಂದ ನಗದು ರಿಯಾಯಿತಿ ಸಿಗುತ್ತಿತ್ತು, ಇಲ್ಲವೇ ಓವರ್‌ಡ್ರಾಫ್ಟ್ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ಆರಂಭದ 7 ಲಕ್ಷಕ್ಕೂ ಕೊನೆಯ 2.1 ಲಕ್ಷಕ್ಕೂ ನಡುವಿನ ಸರಾಸರಿ 4 ಲಕ್ಷ 55 ಸಾವಿರ. ಇದಕ್ಕೆ ಶೇಕಡ 10ರಂತೆ ವರ್ಷಕ್ಕೆ 45,500.

ಮೂರನೆಯದು ವಿಮೆ. ಸರಕು ಗಾಡಿಗಳ ಥರ್ಡ್ ಪಾರ್ಟಿ ವಿಮೆಯ ದರವನ್ನು ಕಂಪನಿಗಳು ತಮಗೆ ಬೇಕಾದಂತೆ ಇಡುವಂತಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. ಒಟ್ಟು ತೂಕ ಏಳೂವರೆ ಟನ್ ಮೀರದ, ಬೇರೆಯವರ ಸರಕನ್ನೂ ಸಾಗಿಸುವ ಗಾಡಿಗೆ 2022ರಲ್ಲಿ ನಿಗದಿಯಾದ ಮೊತ್ತ 16,049 ರೂಪಾಯಿ. ಅದರ ಮೇಲೆ ಸ್ವಂತ ಹಾನಿಯ ವಿಮೆ, ತೆರಿಗೆ. ಮೊದಲ ವರ್ಷ ಹೆಚ್ಚು, ಆಮೇಲೆ ಇಳಿಕೆ. ಸರಾಸರಿ 28,000 ಎನ್ನೋಣ. ಸ್ವಂತ ಸರಕನ್ನು ಮಾತ್ರ ಸಾಗಿಸುವ ಗಾಡಿಗೆ ಥರ್ಡ್ ಪಾರ್ಟಿ ಮೊತ್ತ ಇದರ ಸುಮಾರು ಅರ್ಧ. ಹಾಗೆಂದು ಕಡಿಮೆಯದನ್ನು ಕಟ್ಟಿ, ಕೆಲಸವಿಲ್ಲದ ದಿನ ಪಕ್ಕದ ಅಂಗಡಿಯ ಟೈಲ್ಸ್ ಹೊಡೆಯಲು ಕಳಿಸಿದರೆ, ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಕೇಳುವುದೇ ಸರಕು ಯಾರದೆಂದು. ‘ಬಿಡುವಿದ್ದಾಗ ಬಾಡಿಗೆಗೆ ಬಿಡ್ತೀನಿ’ ಎನ್ನುವವರು 28,000ವನ್ನೇ ಹಿಡಿಯಬೇಕು. ನಾನೂ ಅದನ್ನೇ ಹಿಡಿದಿದ್ದೇನೆ.

ಎಫ್‌ಸಿ, ಎಮಿಷನ್ ಟೆಸ್ಟ್ ಮುಂತಾದವಕ್ಕೆ ವರ್ಷಕ್ಕೆ 5,500. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಅಷ್ಟು ಉಳಿತಾಯ.

ಇನ್ನುಳಿದದ್ದು ಡ್ರೈವರ್. ತಿಂಗಳಿಗೆ 15,000, ವರ್ಷಕ್ಕೆ ಒಂದು ತಿಂಗಳ ಬೋನಸ್, ಒಟ್ಟು 1,95,000. ಇದಕ್ಕೆ ಬೇರೆ ಬಗೆಯ ಲೈಸೆನ್ಸ್ ಇರುವವನೇ ಬೇಕೆಂದೇನಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು ಏಳೂವರೆ ಟನ್‌ವರೆಗಿನ ಸರಕು ಗಾಡಿ ಓಡಿಸಬಹುದೆಂದು 2017ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ಆದರೆ ಲೈಸೆನ್ಸ್ ಇದ್ದವರೆಲ್ಲ ದಿನವಿಡೀ ಚೀಲ ತುಂಬಿದ ಗಾಡಿಯನ್ನು ಹಳ್ಳಿಯ ಮಣ್ಣಿನ ರಸ್ತೆಯಲ್ಲಿ ಓಡಿಸಲು ಸಿಗುವುದಿಲ್ಲ ಎಂಬುದು ಅಂಗಡಿಯವರಿಗೆ ಗೊತ್ತಿರುವ ಸಂಗತಿ.

ಕೂಡಿಸಿದರೆ 70,000, 45,500, 28,000, 5,500, 1,95,000. ಒಟ್ಟು 3,44,000 ರೂಪಾಯಿ. ವರ್ಷದಲ್ಲಿ ಒಂದೇ ಒಂದು ಚೀಲ ಸಾಗಿಸದಿದ್ದರೂ ಇಷ್ಟು ಬಿದ್ದೇ ಬೀಳುತ್ತದೆ.

ಓಡಾಟದ ಖರ್ಚು ಇದಕ್ಕಿಂತ ಸರಳ. ಡೀಸೆಲ್ ಲೀಟರಿಗೆ 90, ಹೋಗುವಾಗ ಭಾರ ಬರುವಾಗ ಖಾಲಿ ಎಂಬ ಓಟದಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 6 ರೂಪಾಯಿ. ಶೋರೂಮಿನವರು ಹೇಳುವ ಮೈಲೇಜನ್ನು ಇಲ್ಲಿ ಹಾಕಬೇಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಎರಡು ವಾರ ಓಡಿಸಿ, ಮತ್ತೆ ಪೂರ್ತಿ ತುಂಬಿಸಿ ಬಂದ ಅಂಕಿಯನ್ನೇ ಹಾಕಬೇಕು. ಗಾಡಿ ಇಲ್ಲದವರು ಅದೇ ದಾರಿಯಲ್ಲಿ ಓಡಿಸುವ ಬಾಡಿಗೆಯವನನ್ನು ಕೇಳಿದರೂ ಆದೀತು, ಅವನು ನಿಜವನ್ನೇ ಹೇಳುತ್ತಾನೆ. 16,000ದ ಟೈರ್ ಸೆಟ್ 40,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 40 ಪೈಸೆ. ಆಯಿಲ್, ಬ್ರೇಕ್, ಕ್ಲಚ್, ಸಣ್ಣಪುಟ್ಟ ರಿಪೇರಿ 1 ರೂಪಾಯಿ 60 ಪೈಸೆ. ಒಟ್ಟು 8 ರೂಪಾಯಿ. 24 ಕಿಲೋಮೀಟರಿಗೆ 192, ಡ್ರೈವರನ ಟೀಗೆ 8, ಟ್ರಿಪ್‌ಗೆ ಸರಿಯಾಗಿ 200. ಹಮಾಲಿ ಕೂಲಿ ಯಾವ ಗಾಡಿಯಾದರೂ ಕೊಡಲೇಬೇಕಾದ್ದರಿಂದ ಅದನ್ನು ಎರಡೂ ಕಡೆಯಿಂದ ಬಿಟ್ಟಿದ್ದೇನೆ. ಹೋಲಿಕೆಯಲ್ಲಿ ಬದಲಾಗದ ಖರ್ಚನ್ನು ಹೊತ್ತು ತಿರುಗುವುದರಿಂದ ಪ್ರಯೋಜನವಿಲ್ಲ.

ಈಗ ಉತ್ತರ ತಾನಾಗಿ ಬರುತ್ತದೆ. ಬಾಡಿಗೆಯಾದರೆ ಟ್ರಿಪ್‌ಗೆ 800, ಸ್ವಂತದ್ದಾದರೆ 200. ಸ್ವಂತ ಗಾಡಿಯ ಪ್ರತಿ ಟ್ರಿಪ್ 600 ರೂಪಾಯಿ ಉಳಿಸುತ್ತದೆ. ಆ 600ಗಳು ಸೇರಿಸೇರಿ ಮೊದಲು 3,44,000ದ ಗುಂಡಿ ತುಂಬಬೇಕು. 3,44,000ವನ್ನು 600ರಿಂದ ಭಾಗಿಸಿದರೆ 573 ಚಿಲ್ಲರೆ. ವರ್ಷಕ್ಕೆ 574ನೇ ಟ್ರಿಪ್‌ನಿಂದ ಸ್ವಂತ ಗಾಡಿ ಲಾಭ. ಅದಕ್ಕಿಂತ ಕಡಿಮೆಯಾದರೆ ಬಾಡಿಗೆಯೇ ಅಗ್ಗ. 300 ಟ್ರಿಪ್ ಮಾತ್ರ ಹೊಡೆದರೆ ಸ್ವಂತ ಗಾಡಿಯ ಒಂದು ಟ್ರಿಪ್‌ಗೆ ಬೀಳುವುದು 1,347 ರೂಪಾಯಿ. 900 ಹೊಡೆದರೆ 582. 1,200 ಹೊಡೆದರೆ 487. ಗಾಡಿ ಅದೇ, ಡ್ರೈವರ್ ಅದೇ, ದಾರಿ ಅದೇ.

ಸ್ಟ್ಯಾಂಡಿನಲ್ಲಿ ನಿಲ್ಲುವ ಗಾಡಿಯವನು 800ಕ್ಕೆ ಬಂದೂ ಹೇಗೆ ಬದುಕುತ್ತಾನೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ಅವನು ನಮ್ಮ ಒಂದು ಅಂಗಡಿಯನ್ನು ನಂಬಿಕೊಂಡಿಲ್ಲ. ಬೆಳಿಗ್ಗೆ ಮಂಡಿಗೆ ಕೊಬ್ಬರಿ, ಮಧ್ಯಾಹ್ನ ನಮ್ಮ ಸಿಮೆಂಟ್, ಸಂಜೆ ಯಾರದೋ ಮನೆ ಸಾಮಾನು, ಭಾನುವಾರ ಮದುವೆಯ ಪಾತ್ರೆ. ವರ್ಷಕ್ಕೆ 1,200 ಟ್ರಿಪ್ ದಾಟಿಸುತ್ತಾನೆ, ಡ್ರೈವರ್ ಸಂಬಳವೂ ಅವನ ಜೇಬಿಗೇ. ಅವನ ಗಾಡಿಯನ್ನು ಹತ್ತು ಅಂಗಡಿಯವರು ಹಂಚಿಕೊಂಡಿದ್ದಾರೆ, ನಾವು ಕೊಡುವುದು ನಮ್ಮ ಪಾಲು ಮಾತ್ರ. ಸ್ವಂತ ಗಾಡಿ ಕೊಂಡ ದಿನ ಹತ್ತು ಪಾಲನ್ನೂ ನಾವೇ ಹೊರುತ್ತೇವೆ.

ಹಾಗಾದರೆ ನಮ್ಮ ಅಂಗಡಿಗೆ ವರ್ಷಕ್ಕೆ ಎಷ್ಟು ಟ್ರಿಪ್? ಯಜಮಾನರನ್ನು ಕೇಳಿದರೆ ‘ದಿನಕ್ಕೆ ಮೂರಂತೂ ಮೋಸ ಇಲ್ಲ’ ಎನ್ನುತ್ತಾರೆ. 300 ದಿನಕ್ಕೆ 900. ಅದು ಯುಗಾದಿಯ ಹಿಂದುಮುಂದಿನ ತಿಂಗಳ ನೆನಪು. ನೆನಪಿಗೆ ಕೂರುವುದು ಗಾಡಿ ಸಿಗದೆ ಪರದಾಡಿದ ದಿನಗಳೇ ಹೊರತು ಮಳೆ ಹಿಡಿದು ಕಟ್ಟಡದ ಕೆಲಸ ನಿಂತ ದಿನಗಳಲ್ಲ. ಡೆಲಿವರಿ ಚೀಟಿಯ ಪುಸ್ತಕ ತೆಗೆದು ಒಂದು ವರ್ಷದ್ದನ್ನು ಎಣಿಸಬೇಕು. ನಮ್ಮ ಊಹೆಯ ಅಂಗಡಿಯಲ್ಲಿ ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳು ತಿಂಗಳಿಗೆ 60, ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳು 22. ಒಟ್ಟು 530. ಬಾಡಿಗೆಗೆ ವರ್ಷಕ್ಕೆ 4,24,000, ತಿಂಗಳ ಸರಾಸರಿ 35 ಸಾವಿರ ಚಿಲ್ಲರೆ. ಯಜಮಾನರು ಹೇಳಿದ 35 ಸಾವಿರ ಸುಳ್ಳಲ್ಲ. ಸ್ವಂತ ಗಾಡಿಯಾದರೆ ಸ್ಥಿರ ಖರ್ಚು 3,44,000 ಮತ್ತು ಓಡಾಟದ್ದು 1,06,000, ಒಟ್ಟು 4,50,000, ಟ್ರಿಪ್‌ಗೆ 849. ವರ್ಷಕ್ಕೆ 26,000 ನಷ್ಟ.

ಸಾಲದ್ದಕ್ಕೆ ಗಾಡಿ ಬಂದ ಮೇಲೆ ಬಾಡಿಗೆ ಪೂರ್ತಿ ನಿಲ್ಲುವುದೂ ಇಲ್ಲ. ಡ್ರೈವರ್ ಊರಿನ ಜಾತ್ರೆಗೆ ಹೋಗುತ್ತಾನೆ, ಗಾಡಿ ಸರ್ವಿಸಿಗೆ ಹೋಗುತ್ತದೆ, ಬೇಸಿಗೆಯ ಕೆಲವು ದಿನ ಒಂದೇ ಹೊತ್ತಿಗೆ ಮೂರು ಕಡೆಯಿಂದ ಫೋನ್ ಬರುತ್ತದೆ. ವರ್ಷಕ್ಕೆ 25 ಟ್ರಿಪ್ ಹೀಗೆ ಹೊರಗೆ ಹೋದರೆ ಒಟ್ಟು 4,65,000 ಆಗುತ್ತದೆ, ನಷ್ಟ 41,000ಕ್ಕೆ ಏರುತ್ತದೆ. ಅಷ್ಟೂ ದಿನ ಸ್ಟ್ಯಾಂಡಿನವರು ಹಳೆಯ ಗಿರಾಕಿಯೆಂದು ಕೊಡುತ್ತಿದ್ದ ದರವನ್ನೇ ಆ 25 ಟ್ರಿಪ್‌ಗೂ ಕೊಡುತ್ತಾರೆಯೇ ಎಂಬುದು ಅನುಮಾನ.

ಇನ್ನೊಂದು ಬಾಬ್ತು ಯಾವ ಲೆಕ್ಕದ ಪುಸ್ತಕದಲ್ಲೂ ಸಿಗುವುದಿಲ್ಲ. ಈ ವ್ಯಾಪಾರದಲ್ಲಿ ಎಷ್ಟೋ ಸಲ ಗಾಡಿ ಬಾಡಿಗೆ ಕೊಡುವವರು ಗಿರಾಕಿಗಳೇ. ಮನೆ ಕಟ್ಟಿಸುವವರು ಸ್ಟ್ಯಾಂಡಿನ ಗಾಡಿಗೆ ನೇರವಾಗಿ ದುಡ್ಡು ಕೊಟ್ಟು ಸರಕು ಒಯ್ಯುತ್ತಾರೆ, ಯಾರೂ ಗೊಣಗುವುದಿಲ್ಲ. ಬಾಗಿಲ ಮುಂದೆ ಅಂಗಡಿಯ ಹೆಸರು ಬರೆಸಿದ ಗಾಡಿ ಬಂದು ನಿಂತ ಮರುದಿನವೇ ಮಾತು ಬದಲಾಗುತ್ತದೆ: ‘ನಿಮ್ದೇ ಗಾಡಿ ಐತಲ್ಲಣ್ಣ, ಅದಕ್ಕೂ ಬಾಡಿಗೆನಾ?’ ಮೊದಲು ಹತ್ತಿರದವರಿಗೆ ಬಿಡುತ್ತೇವೆ, ಆಮೇಲೆ ದೊಡ್ಡ ಬಿಲ್ಲಿನವರಿಗೆ, ಕೊನೆಗೆ ಎರಡು ಚೀಲಕ್ಕೂ ಗಾಡಿ ಹೋಗತೊಡಗುತ್ತದೆ. ಟ್ರಿಪ್‌ಗಳ ಸಂಖ್ಯೆ 574ನ್ನು ದಾಟಿ ಯಜಮಾನರಿಗೆ ಖುಷಿಯಾಗಬಹುದು. ಆದರೆ ಹೆಚ್ಚಿದ ಪ್ರತಿ ಟ್ರಿಪ್ ಬಾಡಿಗೆಯ 800ನ್ನು ಉಳಿಸಿದ್ದಲ್ಲ, ಮೊದಲು ಇಲ್ಲದ 200ನ್ನು ಹೊಸದಾಗಿ ಖರ್ಚು ಮಾಡಿದ್ದು. ಆದ್ದರಿಂದ ಎಣಿಸಬೇಕಾದದ್ದು ಈಗ ನಮ್ಮ ಕೈಯಿಂದ ಬಾಡಿಗೆ ಕೊಟ್ಟ ಟ್ರಿಪ್‌ಗಳನ್ನು ಮಾತ್ರ. ಗಿರಾಕಿ ಕೊಟ್ಟವನ್ನು ಸೇರಿಸಬೇಕೆಂದರೆ, ಗಾಡಿ ಬಂದ ಮೇಲೂ ಅವರಿಂದ ಅಷ್ಟನ್ನೇ ಬಿಲ್ಲಿನಲ್ಲಿ ವಸೂಲಿ ಮಾಡುವ ಧೈರ್ಯ ಇರಬೇಕು. ನನಗೆ ಗೊತ್ತಿರುವ ಅಂಗಡಿಯವರಲ್ಲಿ ಆ ಧೈರ್ಯ ಕಡಿಮೆ. ಎದುರಿನ ಅಂಗಡಿಯವನು ಪುಕ್ಕಟೆ ಕಳಿಸತೊಡಗಿದರಂತೂ ಮುಗಿಯಿತು.

ಹಾಗೆಂದು ಬಾಡಿಗೆಯ 800ರ ಒಳಗೆ ಎಲ್ಲವೂ ಅಡಗಿದೆ ಎನ್ನುವುದೂ ತಪ್ಪು. ಮಧ್ಯಾಹ್ನ ಮೂರಕ್ಕೆ ಬರುತ್ತೇನೆಂದವನು ಐದಕ್ಕೆ ಬಂದರೆ ಕೆಲಸದ ಜಾಗದಲ್ಲಿ ಗಾರೆಯವರು ಕೂತಿರುತ್ತಾರೆ, ಮಾತು ಕೇಳುವವರು ನಾವು. ಟೈಲ್ಸ್ ಡಬ್ಬದ ಮೂಲೆ ಒಡೆದರೆ ಯಾರ ಹೊಣೆ ಎಂಬ ಜಗಳ ಇದ್ದೇ ಇದೆ. ಲಗ್ನದ ಸೀಸನ್ನಿನಲ್ಲಿ, ಆಯುಧಪೂಜೆಯ ದಿನ ಸ್ಟ್ಯಾಂಡ್ ಖಾಲಿ. ಇದಕ್ಕೆ ಬೆಲೆ ಕಟ್ಟುವುದು ಕಷ್ಟವೇನಲ್ಲ. ಕಳೆದ ವರ್ಷ ಗಾಡಿ ಸಿಗದೆ ಕೈತಪ್ಪಿದ ಆರ್ಡರ್‌ಗಳೆಷ್ಟು, ಒಂದೊಂದರಲ್ಲಿ ಉಳಿಯುತ್ತಿದ್ದ ಲಾಭವೆಷ್ಟು ಎಂದು ಬರೆದು, ಒಡೆದ ಮಾಲಿನ ಬೆಲೆ ಸೇರಿಸಿ, ಟ್ರಿಪ್‌ಗಳಿಗೆ ಹಂಚಿದರೆ ಸಾಕು. ಅದು ಟ್ರಿಪ್‌ಗೆ 50 ರೂಪಾಯಿ ಬಂದರೆ ಬಾಡಿಗೆಯ ನಿಜವಾದ ದರ 850 ಆಗುತ್ತದೆ, ಗೆರೆ 574ರಿಂದ 530ಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಅಂಗಡಿ ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತದೆ. ‘ಗಾಡಿ ಸಿಗದೆ ಎಷ್ಟೋ ವ್ಯಾಪಾರ ಹೋಯ್ತು’ ಎಂಬ ಮಾತನ್ನು ಅಂಕಿಗೆ ಇಳಿಸದೆ ಗಾಡಿ ಕೊಳ್ಳುವವರೇ ಹೆಚ್ಚು.

ಸ್ಥಿರ ಖರ್ಚಿನ ಪಟ್ಟಿಗೆ ಇನ್ನೊಮ್ಮೆ ಹೋಗೋಣ. 3,44,000ದಲ್ಲಿ 1,95,000 ಡ್ರೈವರನದು, ಅರ್ಧಕ್ಕಿಂತ ಹೆಚ್ಚು. ಗಾಡಿಯ ಬೆಲೆಯಲ್ಲಿ ಹತ್ತು ಸಾವಿರ ಇಳಿಸಲು ಮೂರು ಶೋರೂಮ್ ಅಲೆಯುವ ನಾವು, ಮಳೆಗಾಲದಲ್ಲಿ ದಿನಕ್ಕೆ ಒಂದು ಟ್ರಿಪ್ಪೂ ಇಲ್ಲದೆ ಕೂರುವ ಮನುಷ್ಯನ ಸಂಬಳವನ್ನು ಗಮನಿಸುವುದಿಲ್ಲ. ನನ್ನ ಪ್ರಕಾರ ಸ್ವಂತ ಗಾಡಿಯ ಪ್ರಶ್ನೆ ಮೂಲದಲ್ಲಿ ಡ್ರೈವರನ ಪ್ರಶ್ನೆ. ಅಂಗಡಿಗೆ ಹೇಗೂ ಇನ್ನೊಬ್ಬ ಆಳು ಬೇಕಾಗಿದ್ದಾನೆ, ಡ್ರೈವರ್ ಉಳಿದ ಹೊತ್ತು ಗೋದಾಮಿನಲ್ಲಿ ಪೈಪು ಎಣಿಸುತ್ತಾನೆ, ಕಬ್ಬಿಣ ತೂಗುತ್ತಾನೆ, ಅದರಿಂದ ಅವನ ಸಂಬಳದ ಅರ್ಧದಷ್ಟು ಕೂಲಿ ಬೇರೆ ಕಡೆ ಉಳಿಯುತ್ತದೆ ಎನ್ನೋಣ. ಆಗ ಗಾಡಿಯ ಮೇಲೆ ಬೀಳುವ ಸ್ಥಿರ ಖರ್ಚು 2,46,500. ಗೆರೆ 411 ಟ್ರಿಪ್‌ಗೆ ಇಳಿಯುತ್ತದೆ. ಅದೇ 530 ಟ್ರಿಪ್‌ಗೆ ಸ್ವಂತ ಗಾಡಿಯ ಒಟ್ಟು ಖರ್ಚು 3,52,500, ಟ್ರಿಪ್‌ಗೆ 665. ವರ್ಷಕ್ಕೆ 26,000 ನಷ್ಟ ಇದ್ದದ್ದು 71,500 ಉಳಿತಾಯವಾಯಿತು. ಗಾಡಿಯಲ್ಲಿ ಒಂದು ಬೋಲ್ಟೂ ಬದಲಾಗಿಲ್ಲ.

ಇಲ್ಲಿ ಒಂದು ಮೋಸವೂ ಇದೆ. ‘ನನ್ನ ತಮ್ಮನೇ ಓಡಿಸ್ತಾನೆ, ಸಂಬಳ ಇಲ್ಲ’ ಎನ್ನುವವರು ಡ್ರೈವರನ ಸಾಲನ್ನೇ ಹೊಡೆದುಹಾಕುತ್ತಾರೆ. ತಮ್ಮ ಗಾಡಿಯಲ್ಲಿ ಹೋದಾಗ ಗಲ್ಲಾದ ಮೇಲೆ ಯಾರು ಕೂರುತ್ತಾರೆ? ಅವನ ಜಾಗಕ್ಕೆ ಹುಡುಗನನ್ನು ಇಟ್ಟುಕೊಂಡರೆ ಆ ಸಂಬಳ ಗಾಡಿಯದೇ. ಯಾರೂ ಬೇಡದಿದ್ದರೆ ಮಾತ್ರ, ಅಂದರೆ ತಮ್ಮನಿಗೆ ನಿಜಕ್ಕೂ ಬಿಡುವಿದ್ದರೆ ಮಾತ್ರ, ಆ ಸಾಲು ಸೊನ್ನೆ.

ಹಳೆಯ ಗಾಡಿ ಕೊಂಡರೆ? ಮೂರು ಲಕ್ಷಕ್ಕೆ ಕೊಂಡು ನಾಲ್ಕು ವರ್ಷದ ನಂತರ 1 ಲಕ್ಷ 40 ಸಾವಿರಕ್ಕೆ ಮಾರಿದರೆ ಸವಕಳಿ 40,000, ಬಡ್ಡಿ 22,000. ಹೊಸ ಗಾಡಿಯ 1,15,500ಕ್ಕೆ ಎದುರಾಗಿ 62,000. ರಿಪೇರಿ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಜಾಸ್ತಿಯಾದರೂ ಗೆರೆ 516ಕ್ಕೆ ಬರುತ್ತದೆ. ಕಡಿಮೆ ಓಡಿಸುವವನಿಗೆ ಹಳೆಯ ಗಾಡಿ, ಹೆಚ್ಚು ಓಡಿಸುವವನಿಗೆ ಹೊಸದು. ಗ್ಯಾರೇಜಿನಲ್ಲಿ ನಿಲ್ಲುವ ದಿನಗಳೂ ಹಳೆಯದರಲ್ಲಿ ಹೆಚ್ಚೆಂಬುದನ್ನು ಮರೆಯದಿದ್ದರೆ ಸಾಕು.

ತೆರಿಗೆ ಉಳಿಯುತ್ತದೆಂದು ಗಾಡಿ ಕೊಳ್ಳುವವರ ಬಗ್ಗೆ ಒಂದೇ ಮಾತು. ಆದಾಯ ತೆರಿಗೆಯಲ್ಲಿ ಶೇಕಡ 30ರ ಸವಕಳಿ ಇರುವುದು ಗಾಡಿಯನ್ನು ಬಾಡಿಗೆಗೆ ಓಡಿಸುವ ವ್ಯವಹಾರದವರಿಗೆ. ಸ್ವಂತ ಸರಕು ಸಾಗಿಸುವವರಿಗೆ ಶೇಕಡ 15. ಬಾಡಿಗೆಗೆ ಕೊಟ್ಟ ಹಣವಾದರೋ ಆ ವರ್ಷವೇ ಪೂರ್ತಿ ಖರ್ಚು.

ಟ್ರಿಪ್ ಲೆಕ್ಕ ಸರಿಹೋದರೂ ಕೈಯಲ್ಲಿರುವ ಹಣದ ಲೆಕ್ಕ ಬೇರೆ. 5 ಲಕ್ಷ 60 ಸಾವಿರ ಸಾಲಕ್ಕೆ ಶೇಕಡ 11ರಂತೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 12,200. ಜುಲೈನಲ್ಲಿ 22 ಟ್ರಿಪ್ ಇದ್ದರೆ ಬಾಡಿಗೆಗೆ ಹೋಗುತ್ತಿದ್ದದ್ದು 17,600. ಸ್ವಂತ ಗಾಡಿಯಾದರೆ ಕಂತು, ಸಂಬಳ, ಓಡಾಟ ಸೇರಿ 31,600. ವ್ಯಾಪಾರ ಮಲಗಿದ ತಿಂಗಳಲ್ಲೇ ಗಾಡಿ ಹೆಚ್ಚು ಕೇಳುತ್ತದೆ. ಬಾಡಿಗೆಯ ಗುಣವೆಂದರೆ ವ್ಯಾಪಾರದ ಜೊತೆ ತಾನೂ ತಗ್ಗುವುದು.

ಕೊಂಡಾದ ಮೇಲೆ ಲೆಕ್ಕವೇ ಬದಲಾಗುತ್ತದೆ ಎಂಬುದನ್ನೂ ಹೇಳಬೇಕು. ಗಾಡಿ ಬಾಗಿಲಲ್ಲಿ ನಿಂತಿರುವಾಗ ‘ನಮ್ಮ ಗಾಡಿ ಟ್ರಿಪ್‌ಗೆ 849 ಬೀಳ್ತದೆ, ಇವತ್ತು 800ಕ್ಕೆ ಬಾಡಿಗೆ ಗಾಡಿ ಸಿಗ್ತಿದೆ, ಅದನ್ನೇ ಕರೆಯೋಣ’ ಎಂದರೆ ಅದು ತಪ್ಪು. ಸ್ಥಿರ ಖರ್ಚು ಆಗಲೇ ಬಿದ್ದಿದೆ. ಇವತ್ತಿನ ಟ್ರಿಪ್‌ಗೆ ಹೊಸದಾಗಿ ಹೋಗುವುದು 200 ಮಾತ್ರ, ಅದನ್ನೇ 800ರ ಎದುರು ಇಡಬೇಕು. ಕೊಳ್ಳುವ ಮೊದಲು ಇದರ ತಿರುಗುಮುರುಗು: ಆಗ 200 ನೋಡಿ ಆಸೆಪಡಬಾರದು, 849ನ್ನೇ ನೋಡಬೇಕು. ಡ್ರೈವರನನ್ನು ಬಿಡುವ, ಗಾಡಿಯನ್ನೇ ಮಾರುವ ಯೋಚನೆ ಬಂದಾಗ ಮತ್ತೆ ಸ್ಥಿರ ಖರ್ಚಿನ ಪುಟ ತೆರೆಯಬೇಕು. ಆಗಲೂ ಎಣಿಸಬೇಕಾದದ್ದು ಕೊಂಡ ಬೆಲೆಯನ್ನಲ್ಲ, ಇವತ್ತು ಮಾರಿದರೆ ಎಷ್ಟು ಬರುತ್ತದೆ, ಮುಂದಿನ ವರ್ಷ ಎಷ್ಟು ಬರುತ್ತದೆ ಎಂಬ ವ್ಯತ್ಯಾಸವನ್ನು.

530 ಟ್ರಿಪ್ಪಿನ ಅಂಗಡಿಗೆ, ಡ್ರೈವರನಿಗೆ ಬೇರೆ ಕೆಲಸವೂ ಇಲ್ಲದಿದ್ದಲ್ಲಿ, ನಾನು ಹೇಳುವ ದಾರಿ ಗಾಡಿ ಕೊಳ್ಳುವುದಲ್ಲ, ಸ್ಟ್ಯಾಂಡಿನ ಒಬ್ಬನೊಡನೆ ವರ್ಷದ ಮಾತು ಮಾಡಿಕೊಳ್ಳುವುದು. ಮಳೆಗಾಲದಲ್ಲೂ ತಿಂಗಳಿಗೆ 22 ಟ್ರಿಪ್ ಕೊಟ್ಟೇ ಕೊಡುತ್ತೇವೆ, ಕಡಿಮೆಯಾದರೆ ಅಷ್ಟರ ದುಡ್ಡು ಕೊಡುತ್ತೇವೆ ಎಂದರೆ ಅವನು 800ನ್ನು 720ಕ್ಕೆ ಇಳಿಸಲು ಒಪ್ಪುವ ಸಾಧ್ಯತೆ ಇದೆ. ಅವನಿಗೂ ಜುಲೈ ತಿಂಗಳಲ್ಲಿ ಕಂತು ಕಟ್ಟಬೇಕು. ಹಾಗಾದರೆ ವರ್ಷದ ಖರ್ಚು 3,81,600. ಈಗಿನದಕ್ಕಿಂತ 42,400 ಕಡಿಮೆ, ಸ್ವಂತ ಗಾಡಿಗಿಂತ 68,400 ಕಡಿಮೆ. ಇದಕ್ಕೆ ಪ್ರತಿಯಾಗಿ ಬೆಳಿಗ್ಗೆ ಎಂಟೂವರೆಗೆ ಮೊದಲ ಲೋಡ್ ನಮ್ಮದೇ, ಒಡೆದ ಮಾಲಿಗೆ ಇಂತಿಷ್ಟು ಹೊಣೆ, ತಾನು ಬಾರದ ದಿನ ಅದೇ ದರಕ್ಕೆ ಇನ್ನೊಬ್ಬನನ್ನು ಕಳಿಸುವುದು ಎಂದು ಬರೆಸಿಕೊಳ್ಳಬಹುದು. ಗಾಡಿಯ ವಿಮೆ, ಎಫ್‌ಸಿ, ಡ್ರೈವರನ ಲೈಸೆನ್ಸ್ ಚಾಲ್ತಿಯಲ್ಲಿರುವ ಪ್ರತಿಗಳನ್ನು ಮೊದಲೇ ಇಸಿದುಕೊಳ್ಳಬೇಕು.

ಡೀಸೆಲ್ ದರ ಏರಿದಾಗ ಏನು ಮಾಡಬೇಕೆಂಬುದನ್ನೂ ಅದೇ ಕಾಗದದಲ್ಲಿ ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಪ್ರತಿ ಏರಿಕೆಗೂ ಚೌಕಾಶಿ. ನಮ್ಮ ಸರಾಸರಿ ಟ್ರಿಪ್‌ಗೆ ಕುಡಿಯುವುದು 1.6 ಲೀಟರ್. ಡೀಸೆಲ್ ಲೀಟರಿಗೆ 5 ರೂಪಾಯಿ ಏರಿದರೆ ಟ್ರಿಪ್‌ಗೆ ಹೆಚ್ಚುವುದು 8 ರೂಪಾಯಿ. ಸ್ಟ್ಯಾಂಡಿನಲ್ಲಿ ಆ ದಿನ ಕೇಳುವುದು ಐವತ್ತು.